ಬಾದಾಮಿ ಚಾಲುಕ್ಯರ ವಂಶವೃಕ್ಷ: ಶಾಲಾಪಟಕ್ಕಾಗಿ ಕಾಲ ಮತ್ತು ಸಂಬಂಧಗಳ ಪರಿಶೀಲನೆ

ಕ್ರಿಸ್ತಶಕ ಆರನೆಯ ಶತಮಾನದ ಮಧ್ಯಭಾಗದಿಂದ ಎಂಟನೆಯ ಶತಮಾನದ ಮಧ್ಯಭಾಗದವರೆಗೆ ವಾತಾಪಿಯನ್ನು, ಅಂದರೆ ಇಂದಿನ ಬಾದಾಮಿಯನ್ನು, ರಾಜಧಾನಿಯಾಗಿ ಮಾಡಿಕೊಂಡು ದಕ್ಷಿಣಾಪಥವನ್ನಾಳಿದ ಚಾಲುಕ್ಯರ ಪೀಳಿಗೆಗಳನ್ನು ರೇಖೆಗಳ ಮೂಲಕ ತೋರಿಸುವ ಪಟಕ್ಕೆ ಬಾದಾಮಿ ಚಾಲುಕ್ಯರ ವಂಶವೃಕ್ಷವೆಂದು ಹೆಸರು. ಪ್ರೌಢಶಾಲೆಯ ವಿದ್ಯಾರ್ಥಿಗಳು ಇತಿಹಾಸದ ಯೋಜನಾಕಾರ್ಯಕ್ಕಾಗಿ ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಬರೆದು ತರಗತಿಯ ಗೋಡೆಗೆ ತೂಗುಹಾಕುವ ಪಟಗಳಲ್ಲಿ ಈ ಮನೆತನದ್ದು ಬಹು ಪರಿಚಿತವಾದುದು. ಪಠ್ಯಪುಸ್ತಕದಲ್ಲಿರುವ ಅರಸರ ಹೆಸರುಗಳನ್ನು ಒಂದರ ಕೆಳಗೊಂದಾಗಿ ಬರೆದು ನಡುವೆ ಬಾಣದ ಗುರುತುಗಳನ್ನು ಹಾಕಿಬಿಟ್ಟರೆ ಪಟವು ಪೂರ್ಣವಾಯಿತೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಆದರೆ ಹಾಗೆ ಬರೆದುದು ಸಿಂಹಾಸನವನ್ನೇರಿದವರ ಅನುಕ್ರಮವಾಗುವುದೇ ಹೊರತು ವಂಶವೃಕ್ಷವಾಗುವುದಿಲ್ಲ. ವಂಶವೃಕ್ಷದಲ್ಲಿ ಇಬ್ಬರನ್ನು ಕೂಡಿಸುವ ಒಂದೊಂದು ಗೆರೆಯೂ ಇವನು ಇವನ ಮಗ, ಇವಳು ಇವನ ಪತ್ನಿ ಎಂದು ಸಾರುವ ಒಂದು ಹೇಳಿಕೆಯಾಗಿರುವುದರಿಂದ, ಆ ಹೇಳಿಕೆಯನ್ನು ಯಾವ ಶಾಸನವು ಸಮರ್ಥಿಸುತ್ತದೆ, ಆ ಶಾಸನವು ಹೇಳಲ್ಪಟ್ಟ ವ್ಯಕ್ತಿಯ ಕಾಲಕ್ಕೆ ಎಷ್ಟು ಸಮೀಪವಾದುದು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತ ಬಳಿಕವೇ ಗೆರೆಯನ್ನು ಎಳೆಯತಕ್ಕದ್ದು.

ಈ ಮನೆತನದ ಪಟವನ್ನು ಪರಿಶೀಲಿಸಿ ಬರೆಯುವುದಕ್ಕೆ ಸಾಮಗ್ರಿಯು ಹೇರಳವಾಗಿದೆ. ಬಂಡೆಗಳ ಮೇಲೆ, ಕಂಬಗಳ ಮೇಲೆ, ದೇವಾಲಯದ ಗೋಡೆಗಳ ಮೇಲೆ, ತಾಮ್ರಪಟಗಳ ಮೇಲೆ ಚಾಲುಕ್ಯರು ಬರೆಸಿದ ಶಾಸನಗಳಲ್ಲಿ ಹಲವು ತಮ್ಮ ಕಾಲವನ್ನು ಶಕವರ್ಷ ಮತ್ತು ಅರಸನ ಆಳ್ವಿಕೆಯ ವರ್ಷ ಎಂಬ ಎರಡು ಎಣಿಕೆಗಳಲ್ಲಿಯೂ ಹೇಳುತ್ತವೆ. ಈ ಎರಡೂ ಒಂದೇ ಕಡೆ ದೊರೆತಾಗ ಅರಸನು ಪಟ್ಟವೇರಿದ ಕಾಲವನ್ನು ವಿದ್ಯಾರ್ಥಿಯು ತಾನೇ ಗಣಿಸಿ ನೋಡಬಹುದು. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನು ಬರೆಸಿದ ಶಾಸನವು ಇದಕ್ಕೆ ಉತ್ತಮ ನಿದರ್ಶನ. ಶಕರಾಜನ ಅಭಿಷೇಕದಿಂದ 500 ವರ್ಷಗಳು ಕಳೆದಿರಲು, ಕೀರ್ತಿವರ್ಮನ ಆಳ್ವಿಕೆಯ 12ನೆಯ ವರ್ಷದಲ್ಲಿ, ಕಾರ್ತಿಕ ಪೂರ್ಣಿಮೆಯಂದು ವಿಷ್ಣುವಿನ ಪ್ರತಿಷ್ಠೆಯಾಯಿತೆಂದು ಅದು ಹೇಳುತ್ತದೆ. ಕಳೆದ ಶಕವರ್ಷಕ್ಕೆ 78ನ್ನು ಕೂಡಿಸಿದರೆ ಚೈತ್ರದಿಂದ ಡಿಸೆಂಬರಿನವರೆಗಿನ ದಿನಗಳಿಗೆ ಸಲ್ಲುವ ಕ್ರಿಸ್ತವರ್ಷವೂ, 79ನ್ನು ಕೂಡಿಸಿದರೆ ಆ ಶಕವರ್ಷದ ಕೊನೆಯಲ್ಲಿ ಬರುವ ಜನವರಿಯಿಂದ ಮಾರ್ಚಿಯವರೆಗಿನ ದಿನಗಳಿಗೆ ಸಲ್ಲುವ ವರ್ಷವೂ ದೊರೆಯುವುದರಿಂದ, ಕಾರ್ತಿಕಮಾಸದ ಈ ಶಾಸನವು 578ರದೆಂದು ಸ್ಪಷ್ಟವಾಗುತ್ತದೆ. ಅಂದು ನಡೆಯುತ್ತಿದ್ದುದು ಹನ್ನೆರಡನೆಯ ವರ್ಷವಾದುದರಿಂದ ಮುಗಿದಿದ್ದುವು ಹನ್ನೊಂದೇ. ಆದಕಾರಣ ಕಳೆಯಬೇಕಾದುದು 11ನ್ನೇ ಹೊರತು 12ನ್ನಲ್ಲ. 578ರಲ್ಲಿ 11ನ್ನು ಕಳೆದರೆ 567 ಆಗುವುದಾದರೂ, ಆಳ್ವಿಕೆಯ ವರ್ಷವು ಕಾರ್ತಿಕಕ್ಕೆ ಎಷ್ಟು ತಿಂಗಳು ಹಿಂದೆ ಆರಂಭವಾಯಿತೆಂಬುದು ಶಾಸನದಲ್ಲಿ ಇಲ್ಲದಿರುವುದರಿಂದ ಕೀರ್ತಿವರ್ಮನ ಪಟ್ಟಾಭಿಷೇಕವು 566ರ ಕಾರ್ತಿಕದಿಂದ 567ರ ಕಾರ್ತಿಕದೊಳಗೆ ಎಂದೋ ಆಯಿತೆಂದಷ್ಟೇ ಹೇಳಬಹುದು. ಪ್ರಾಜ್ಞರ ಗ್ರಂಥಗಳಲ್ಲಿ 566–67 ಎಂದು ಎರಡು ವರ್ಷಗಳನ್ನು ಜೋಡಿಸಿ ಬರೆದಿರುವುದಕ್ಕೆ ಇದೇ ಕಾರಣ. ಪಟದಲ್ಲಿಯೂ ಹಾಗೆಯೇ ಬರೆಯುವುದು ಲೇಸು. ಒಂದು ಪುಸ್ತಕದಲ್ಲಿ 566, ಇನ್ನೊಂದರಲ್ಲಿ 567 ಎಂದಿದ್ದರೆ ಅವುಗಳಲ್ಲೊಂದು ತಪ್ಪೆಂದು ಎಣಿಸಬೇಕಾಗಿಲ್ಲ.

ಇದೇ ಕ್ರಮದಿಂದ ಹೈದರಾಬಾದು ತಾಮ್ರಪಟದ ಶಕ 534 ಮತ್ತು ಮೂರನೆಯ ಆಳ್ವಿಕೆಯ ವರ್ಷ ಎಂಬ ಮಾತುಗಳಿಂದ ಇಮ್ಮಡಿ ಪುಲಕೇಶಿಯು 609–10ರಲ್ಲಿಯೂ, ಗದ್ವಾಲ ತಾಮ್ರಪಟದ ಶಕ 596 ಮತ್ತು ಇಪ್ಪತ್ತನೆಯ ವರ್ಷ ಎಂಬ ಮಾತುಗಳಿಂದ ಒಂದನೆಯ ವಿಕ್ರಮಾದಿತ್ಯನು 654–55ರಲ್ಲಿಯೂ ಪಟ್ಟವೇರಿದರೆಂದು ತಿಳಿದುಬರುತ್ತದೆ. ಆದರೆ ಮನೆತನದ ಪ್ರಥಮ ಮಹಾರಾಜನಾದ ಒಂದನೆಯ ಪುಲಕೇಶಿಯ ವಿಷಯದಲ್ಲಿ ಈ ಸೌಕರ್ಯವಿಲ್ಲ. ಬಾದಾಮಿಯ ಬೆಟ್ಟದ ಬಂಡೆಯ ಮೇಲಿರುವ ಶಕ 465ರ, ಎಂದರೆ 543ರ, ಶಾಸನದಲ್ಲಿ ಚಲಿಕ್ಯ ವಲ್ಲಭೇಶ್ವರನೆಂಬ ಹೆಸರಿನಿಂದ ಆತನು ವಾತಾಪಿಯ ಗಿರಿಯನ್ನು ದುರ್ಗವಾಗಿ ಮಾಡಿದನೆಂದು ಹೇಳಿದೆ. ಆಳ್ವಿಕೆಯ ವರ್ಷವನ್ನು ಹೇಳಿಲ್ಲ. ಶಾಲಾಪಟಗಳಲ್ಲಿ ಎಲ್ಲೆಲ್ಲಿಯೂ ಕಾಣುವ 543 ಎಂಬುದು ಕೋಟೆಯನ್ನು ಕಟ್ಟಿದ ವರ್ಷವೇ ಹೊರತು ಪಟ್ಟವೇರಿದ ವರ್ಷವೆಂದು ಸಿದ್ಧಪಟ್ಟುದಲ್ಲ. ಅದನ್ನು ಹಾಗೆಯೇ, “543ರಲ್ಲಿ ವಾತಾಪಿಯ ಕೋಟೆ” ಎಂದು ಬರೆದರೆ ಪಟವು ಸತ್ಯಕ್ಕೆ ಹತ್ತಿರವಾಗುತ್ತದೆ. ಈ ಅರಸರಲ್ಲಿ ಯಾರೊಬ್ಬನ ಜನ್ಮವರ್ಷವನ್ನೂ ಶಾಸನಗಳು ಹೇಳುವುದಿಲ್ಲವೆಂಬುದನ್ನೂ ಇಲ್ಲಿಯೇ ಗಮನಿಸಬೇಕು. ಹೆಸರಿನ ಕೆಳಗಣ ಅಂಕಗಳು ಆಳ್ವಿಕೆಯವೆಂದು ಪಟದ ಅಂಚಿನಲ್ಲಿ ತಿಳಿಸದಿದ್ದರೆ ನೋಡುವವರು ಅವನ್ನು ಜನನಮರಣಗಳ ವರ್ಷಗಳೆಂದು ಓದಿಕೊಳ್ಳುತ್ತಾರೆ.

ಪೀಳಿಗೆಯ ಆರಂಭಕ್ಕೆ ಆಧಾರವಾದುದು ಐಹೊಳೆಯ ಮೇಗುಟಿಯ ಜಿನಾಲಯದ ಗೋಡೆಯಲ್ಲಿರುವ, ಶಕ 556ರಲ್ಲಿ ರವಿಕೀರ್ತಿಯು ರಚಿಸಿದ ಪ್ರಶಸ್ತಿ. ಅದರಲ್ಲಿ ಮೊದಲು ಜಯಸಿಂಹನೂ, ಆತನ ಮಗನಾಗಿ ರಣರಾಗನೂ, ಆತನ ಮಗನಾಗಿ ಪುಲಕೇಶಿಯೂ ವರ್ಣಿತರಾಗಿದ್ದಾರೆ. ಮೊದಲ ಇಬ್ಬರಿಗೆ ಅವರದೇ ಆದ ಶಾಸನಗಳಿಲ್ಲವಾದುದರಿಂದ ಅವರ ಹೆಸರುಗಳ ಕೆಳಗೆ ಯಾವ ಅಂಕವನ್ನೂ ಬರೆಯದಿರುವುದೇ ಯುಕ್ತ. ಇವರಿಗೂ ಮೇಲೆ ಕೆಲವರು ಹಾರೀತಿಯ ಹೆಸರನ್ನು ಮೂಲಮಾತೆಯಾಗಿ ಬರೆಯುವುದನ್ನು ಕಂಡಿದ್ದೇನೆ. ಚಾಲುಕ್ಯರು ತಮ್ಮನ್ನು ಮಾನವ್ಯಸಗೋತ್ರರೆಂದೂ ಹಾರೀತಿಪುತ್ರರೆಂದೂ ಕರೆದುಕೊಂಡಿರುವುದು ನಿಜ. ಆದರೆ ಕದಂಬರೂ ಇದೇ ಬಿರುದುಗಳನ್ನು ಧರಿಸಿದ್ದರು. ಅದು ಗೋತ್ರಗೌರವವನ್ನು ಸೂಚಿಸುವ ಮಾತು. ವಂಶವೃಕ್ಷದಲ್ಲಿ ಒಬ್ಬ ವ್ಯಕ್ತಿಯ ಸ್ಥಾನವನ್ನು ಪಡೆಯತಕ್ಕುದಲ್ಲ.

ಒಂದನೆಯ ಪುಲಕೇಶಿಯ ಬಳಿಕ ಪಟದಲ್ಲಿ ಮೊದಲ ಕವಲು ಒಡೆಯುತ್ತದೆ, ಮತ್ತು ಶಾಲಾಪಟಗಳಲ್ಲಿ ಅತ್ಯಧಿಕವಾಗಿ ಕಾಣುವ ದೋಷವು ಹುಟ್ಟುವುದೂ ಇಲ್ಲಿಯೇ. ಕೀರ್ತಿವರ್ಮನಾದ ಮೇಲೆ ಮಂಗಳೇಶನು ಆಳಿದನು, ಮಂಗಳೇಶನಾದ ಮೇಲೆ ಇಮ್ಮಡಿ ಪುಲಕೇಶಿಯು ಆಳಿದನು ಎಂಬ ಅನುಕ್ರಮವನ್ನೇ ರೇಖೆಯಾಗಿ ಎಳೆದುಬಿಟ್ಟರೆ ಮಂಗಳೇಶನು ಕೀರ್ತಿವರ್ಮನಿಗೆ ಮಗನೂ ಪುಲಕೇಶಿಗೆ ತಂದೆಯೂ ಆಗಿಬಿಡುತ್ತಾನೆ. ಐಹೊಳೆಯ ಪ್ರಶಸ್ತಿಯ ಪ್ರಕಾರ ಮಂಗಳೇಶನು ಕೀರ್ತಿವರ್ಮನ ತಮ್ಮ, ಪುಲಕೇಶಿಯು ಕೀರ್ತಿವರ್ಮನ ಮಗ. ಆದುದರಿಂದ ಅಣ್ಣತಮ್ಮಂದಿರಿಬ್ಬರನ್ನೂ ಒಂದೇ ಸಾಲಿನಲ್ಲಿ ಬರೆದು, ಪುಲಕೇಶಿಯ ಗೆರೆಯನ್ನು ಕೀರ್ತಿವರ್ಮನಿಂದಲೇ ಇಳಿಸಬೇಕು. ಆಳ್ವಿಕೆಯ ಅನುಕ್ರಮವನ್ನು ತೋರಿಸಲು ಹೆಸರಿನ ಪಕ್ಕದಲ್ಲಿ ಒಂದು ವೃತ್ತದೊಳಗೆ ಕ್ರಮಾಂಕವನ್ನು ಬರೆದರೆ ಸಾಕು: ಒಂದನೆಯ ಪುಲಕೇಶಿಗೆ 1, ಕೀರ್ತಿವರ್ಮನಿಗೆ 2, ಮಂಗಳೇಶನಿಗೆ 3, ಇಮ್ಮಡಿ ಪುಲಕೇಶಿಗೆ 4. ಗೆರೆಯು ರಕ್ತಸಂಬಂಧವನ್ನೂ ಅಂಕವು ರಾಜ್ಯಪ್ರಾಪ್ತಿಯನ್ನೂ ಹೇಳುವಂತೆ ಎರಡನ್ನೂ ಹೀಗೆ ಬೇರೆಯಾಗಿ ಇರಿಸಿದಲ್ಲಿ ಮುಂದಣ ತೊಡಕುಗಳೆಲ್ಲ ಸುಲಭವಾಗುತ್ತವೆ.

ತಾಮ್ರಪಟಗಳನ್ನು ಮಾತ್ರ ಓದಿದವನಿಗೆ ಇದಕ್ಕೆ ವಿರುದ್ಧವಾದ ತಪ್ಪು ಸಂಭವಿಸಬಹುದು. ಒಂದನೆಯ ವಿಕ್ರಮಾದಿತ್ಯನ ಕಾಲದಿಂದ ಮುಂದಿನ ತಾಮ್ರಪಟಗಳು ಪುಲಕೇಶಿ, ಆತನ ಮಗ ಕೀರ್ತಿವರ್ಮ, ಆತನ ಮಗ ಪುಲಕೇಶಿ ಎಂದು ನೇರವಾದ ಸಂತತಿಯನ್ನೇ ಹೇಳಿಕೊಂಡು ಹೋಗುವುದರಿಂದ ಅವುಗಳಲ್ಲಿ ಮಂಗಳೇಶನ ಹೆಸರೇ ಬರುವುದಿಲ್ಲ. ಆತನು ಆಳಲಿಲ್ಲವೆಂದು ಇದರ ಅರ್ಥವಲ್ಲ. ದಾನಮಾಡುವ ಅರಸನ ಪಿತೃಪಿತಾಮಹರ ಸಾಲಿನಲ್ಲಿ ಆತನಿಗೆ ಸ್ಥಾನವಿಲ್ಲವೆಂದಷ್ಟೇ ಅರ್ಥ. ಆತನ ಆಳ್ವಿಕೆಗೆ ಮಹಾಕೂಟದ ಕಂಬದ ಶಾಸನವೇ ಸಾಕ್ಷಿಯಾಗಿದೆ. ಆದರೆ ಅದರ ಕಾಲವನ್ನು ಶಕವರ್ಷದಲ್ಲಿ ಹೇಳದೆ, ಆಳ್ವಿಕೆಯ ಐದನೆಯ ವರ್ಷ, ಸಿದ್ಧಾರ್ಥ ಸಂವತ್ಸರ ಎಂದು ಬಾರ್ಹಸ್ಪತ್ಯಮಾನದಲ್ಲಿ ಹೇಳಿದೆ. ಸಂವತ್ಸರವನ್ನು ಗಣಿಸುವ ಕ್ರಮಗಳು ಒಂದಕ್ಕಿಂತ ಹೆಚ್ಚು ಇರುವುದರಿಂದ ಫ್ಲೀಟ್ ಮಹಾಶಯರು ಅದನ್ನು 602ಕ್ಕೆ ತಂದರು, ಇತರ ಕೆಲವರು 595–96ರ ಸುಮಾರಿಗೆ ಒಯ್ದರು. ಇದರ ಫಲವಾಗಿ ಕೀರ್ತಿವರ್ಮನ ಆಳ್ವಿಕೆಯ ಅಂತ್ಯವೂ ಮಂಗಳೇಶನ ಆರಂಭವೂ ಕೆಲವು ಗ್ರಂಥಗಳಲ್ಲಿ 597–98 ಎಂದೂ ಬೇರೆ ಕೆಲವುಗಳಲ್ಲಿ 591–92 ಎಂದೂ ಕಾಣುತ್ತವೆ. ವಿದ್ಯಾರ್ಥಿಯು ಒಂದು ಪುಸ್ತಕದಿಂದ ಕೀರ್ತಿವರ್ಮನ ಅಂತ್ಯವನ್ನೂ ಮತ್ತೊಂದರಿಂದ ಮಂಗಳೇಶನ ಆರಂಭವನ್ನೂ ತೆಗೆದುಕೊಂಡರೆ ನಡುವೆ ಆರು ವರ್ಷಗಳ ಅರಾಜಕತೆಯೋ, ಆರು ವರ್ಷಗಳ ಜೋಡಿ ಆಳ್ವಿಕೆಯೋ ಸುಳ್ಳಾಗಿ ಸೃಷ್ಟಿಯಾಗುತ್ತದೆ. ಯಾವುದಾದರೂ ಒಂದು ಗಣನೆಯನ್ನು ಸ್ವೀಕರಿಸಿ, ಎರಡು ಅಂಕಗಳನ್ನೂ ಅದರಿಂದಲೇ ತೆಗೆದುಕೊಳ್ಳತಕ್ಕದ್ದು.

ಅದೇ ಕಂಬದ ಶಾಸನದಲ್ಲಿ ಮಕುಟೇಶ್ವರನಾಥನಿಗೆ ದತ್ತಿಯನ್ನು ಬಿಟ್ಟವಳಾಗಿ ಬಟ್ಪೂರ ಕುಲದ ದುರ್ಲಭದೇವಿಯ ಹೆಸರು ಬರುತ್ತದೆ. ಈಕೆ ಒಂದನೆಯ ಪುಲಕೇಶಿಯ ಪತ್ನಿ. ಮಂಗಳೇಶನ ತಂದೆಯ ಪತ್ನಿಯೆಂಬಂತೆ ಆಕೆಯನ್ನು ನಿರ್ದೇಶಿಸಿರುವ ಮಾತಿನಿಂದ ಮಂಗಳೇಶನು ಇನ್ನೊಬ್ಬ ರಾಣಿಯಲ್ಲಿ ಜನಿಸಿದವನಿರಬಹುದೆಂದು ಊಹಿಸಿದವರುಂಟು. ಊಹೆಗಳನ್ನು ಪಟದಿಂದ ಹೊರಗಿಡಬೇಕಾಗಿಲ್ಲ, ಅವುಗಳ ಗೆರೆಯನ್ನು ಬೇರೆ ಮಾಡಬೇಕು. ಶಾಸನವು ಸ್ಪಷ್ಟವಾಗಿ ಹೇಳುವುದನ್ನು ತುಂಡಾಗದ ಗೆರೆಯಿಂದಲೂ, ವಿದ್ವಾಂಸರು ಊಹಿಸುವುದನ್ನು ಚುಕ್ಕೆಗೆರೆಯಿಂದಲೂ, ವಿವಾಹವನ್ನು ಜೋಡಿಗೆರೆಯಿಂದಲೂ ತೋರಿಸಿದರೆ ದುರ್ಲಭದೇವಿಗೂ ಪುಲಕೇಶಿಗೂ ನಡುವೆ ಜೋಡಿಗೆರೆಯು ನಿಸ್ಸಂದೇಹವಾಗಿ ಬರುತ್ತದೆ. ಮಂಗಳೇಶನ ಗೆರೆಯು ತಂದೆಯಿಂದ ಮಾತ್ರ ಇಳಿಯುತ್ತದೆ. ಇಮ್ಮಡಿ ಪುಲಕೇಶಿಯ ತಾಯಿಯ ತೌರುಮನೆಯು ಮಾತ್ರ ನಿಶ್ಚಿತವಾಗಿ ತಿಳಿದಿದೆ: ಚಿಪ್ಲೂಣದ ತಾಮ್ರಪಟದಲ್ಲಿ ಸೇಂದ್ರಕ ಕುಲದ ಶ್ರೀವಲ್ಲಭ ಸೇನಾನಂದರಾಜನನ್ನು ಆತನ ಸೋದರಮಾವನೆಂದು ಕರೆದಿರುವುದರಿಂದ ಕೀರ್ತಿವರ್ಮನ ಪತ್ನಿಯು ಸೇಂದ್ರಕರ ಮಗಳೆಂಬುದು ಸಿದ್ಧವಾಗುತ್ತದೆ. ಆಕೆಯ ಹೆಸರನ್ನು ಶಾಸನವು ಹೇಳದಿದ್ದರೂ ಪಟದಲ್ಲಿ “ಸೇಂದ್ರಕ ರಾಜಕುಮಾರಿ” ಎಂದು ಬರೆಯುವುದಕ್ಕೆ ಏನೂ ಅಡ್ಡಿಯಿಲ್ಲ.

ಇಮ್ಮಡಿ ಪುಲಕೇಶಿಯ ತಮ್ಮನಾದ ಕುಬ್ಜ ವಿಷ್ಣುವರ್ಧನನಿಂದ ವೆಂಗಿಯ ಪೂರ್ವ ಚಾಲುಕ್ಯರ ಶಾಖೆಯು ಹೊರಡುತ್ತದೆ. ಅದು ಹಾಳೆಯ ಬಲಗಡೆಗೆ ಹೊರಟು ಹನ್ನೊಂದನೆಯ ಶತಮಾನದವರೆಗೂ ಹರಿಯುವ ದೊಡ್ಡ ಶಾಖೆಯಾದುದರಿಂದ ಒಂದು ಬಾಣದ ಗುರುತನ್ನು ಹಾಕಿ ಅಲ್ಲಿಗೆ ಬಿಡುವುದೇ ವಿಹಿತ. ಪುಲಕೇಶಿಯ ಅಂತ್ಯದ ಬಳಿಕ ಬರುವ ಕಾಲಾಂತರವೇ ಹೆಚ್ಚು ವಿಚಾರಾರ್ಹವಾದುದು. ಪಲ್ಲವ ನರಸಿಂಹವರ್ಮನು ವಾತಾಪಿಯನ್ನು ಹಿಡಿದನೆಂಬುದಕ್ಕೆ ಬಾದಾಮಿಯ ಬಂಡೆಯ ಮೇಲೆಯೇ ಆತನ ಹದಿಮೂರನೆಯ ಆಳ್ವಿಕೆಯ ವರ್ಷದ ಶಾಸನವು ಉಳಿದುಬಂದಿದೆ. ಅದರಿಂದ ಗಣಿಸಿ ಇತಿಹಾಸಕಾರರು ಪುಲಕೇಶಿಯ ಅಂತ್ಯವನ್ನು ಸುಮಾರು 642ಕ್ಕೆ ಇಟ್ಟಿದ್ದಾರೆ. ವಿಕ್ರಮಾದಿತ್ಯನು ಪಟ್ಟವೇರಿದುದು 654–55ರಲ್ಲಿ. ನಡುವಣ ಹನ್ನೆರಡು ಹದಿಮೂರು ವರ್ಷಗಳನ್ನು ಪಟದಲ್ಲಿ ಮುಚ್ಚಿಹಾಕಬಾರದು. ವಿಕ್ರಮಾದಿತ್ಯನ ಆರಂಭವನ್ನು 642ಕ್ಕೆ ಎಳೆದು ತರುವುದಂತೂ ಶಾಸನಕ್ಕೆ ನೇರವಾಗಿ ವಿರುದ್ಧವಾದುದು.

ಆ ಅಂತರದಲ್ಲಿ ಪುಲಕೇಶಿಯ ಮಕ್ಕಳಲ್ಲಿ ಯಾರು ಯಾರು ಎಲ್ಲೆಲ್ಲಿ ಅಧಿಕಾರ ನಡೆಸಿದರೆಂಬುದು ಬಿಡಿಬಿಡಿಯಾದ ತಾಮ್ರಪಟಗಳಿಂದ ಗೋಚರವಾಗುತ್ತದೆ. ಕರ್ನೂಲಿನ ತಾಮ್ರಪಟದಲ್ಲಿ ಆದಿತ್ಯವರ್ಮನು ಪುಲಕೇಶಿಯ ಮಗನಾಗಿ, ತನ್ನದೇ ಆದ ಆಳ್ವಿಕೆಯ ಮೊದಲನೆಯ ವರ್ಷದಲ್ಲಿ ದಾನಮಾಡಿದ್ದಾನೆ. ನೆಲ್ಕುಂದದ ದಾನಪತ್ರದಲ್ಲಿ ಆತನ ಮಗನಾದ ಅಭಿನವಾದಿತ್ಯನು ಕಾಣಿಸುತ್ತಾನೆ. ನೇರೂರಿನ ಮತ್ತು ಕೊಚರೆಯ ತಾಮ್ರಪಟಗಳು ಚಂದ್ರಾದಿತ್ಯನ ಮಹಿಷಿಯಾದ ವಿಜಯಭಟ್ಟಾರಿಕೆಯವು. ಚಂದ್ರಾದಿತ್ಯನನ್ನು ವಿಕ್ರಮಾದಿತ್ಯನ ಜ್ಯೇಷ್ಠಭ್ರಾತೃವೆಂದು ಅವು ಕರೆಯುತ್ತವೆ. ಇವರಲ್ಲದೆ ಗುಜರಾತಿನ ಶಾಖೆಗೆ ಮೂಲನಾದ ಧರಾಶ್ರಯ ಜಯಸಿಂಹವರ್ಮನು ವಿಕ್ರಮಾದಿತ್ಯನ ತಮ್ಮ. ಹೀಗೆ ಒಂದೇ ಸಾಲಿನಲ್ಲಿ ನಾಲ್ವರು ಸಹೋದರರು ನಿಲ್ಲುವರು. ಎಡದಿಂದ ಬಲಕ್ಕೆ ಹಿರಿಕಿರಿಯರ ಕ್ರಮವನ್ನು ತೋರಿಸುವ ವಾಡಿಕೆಯಂತೆ ಚಂದ್ರಾದಿತ್ಯ, ವಿಕ್ರಮಾದಿತ್ಯ, ಜಯಸಿಂಹವರ್ಮ ಎಂಬ ಮೂವರ ಕ್ರಮವು ನಿಶ್ಚಿತ. ಆದಿತ್ಯವರ್ಮನನ್ನು ಎಡತುದಿಯಲ್ಲಿ ಬರೆದು ಚುಕ್ಕೆಯ ಗುರುತಿಡುವುದು ವಾಡಿಕೆ. ವಿಜಯಭಟ್ಟಾರಿಕೆಯನ್ನು ಸಂಸ್ಕೃತ ಕವಯಿತ್ರಿ ವಿಜ್ಜಿಕೆಯೊಡನೆ ಒಂದಾಗಿಸುವುದು ನಮಗೆಲ್ಲ ಪ್ರಿಯವಾದ ಊಹೆಯೇ ಆದರೂ, ಆಕೆಯ ತಾಮ್ರಪಟಗಳಲ್ಲಿ ಕಾವ್ಯದ ಮಾತಿಲ್ಲ. ಪಟದಲ್ಲಿ “ಕವಯಿತ್ರಿ” ಎಂಬ ಪದವನ್ನು ಬರೆದಲ್ಲಿ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನೂ ಬರೆಯಬೇಕು.

ಈ ಸಹೋದರರ ಸಾಲಿನಲ್ಲಿಯೇ, ಕಾಲಗಣನೆಯು ಸಂಬಂಧವನ್ನು ಹೇಗೆ ಪರೀಕ್ಷಿಸುತ್ತದೆಂಬುದಕ್ಕೆ ಒಂದು ಸೊಗಸಾದ ಪ್ರಸಂಗ ದೊರೆಯುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರು ಹೊರಡಿಸಿದ ತಾಮ್ರಪಟಗಳು, ಅವುಗಳಲ್ಲಿ 1009ರ ಕೌಠೇಮ್ ತಾಮ್ರಪಟವು ಪ್ರಮುಖವಾದುದು, ಇಮ್ಮಡಿ ಪುಲಕೇಶಿಯ ಮಗ ನೆಡಮರಿ, ಆತನ ಮಗ ಆದಿತ್ಯವರ್ಮ, ಆತನ ಮಗ ವಿಕ್ರಮಾದಿತ್ಯ ಎಂದು ಹೇಳುತ್ತವೆ. ಅದರಂತೆ ಬರೆದರೆ ವಿಕ್ರಮಾದಿತ್ಯನು ಪುಲಕೇಶಿಯ ಮರಿಮಗನಾಗುತ್ತಾನೆ. ಪುಲಕೇಶಿಯ ಪಟ್ಟಾಭಿಷೇಕದಿಂದ ವಿಕ್ರಮಾದಿತ್ಯನ ಪಟ್ಟಾಭಿಷೇಕದವರೆಗೆ ಕಳೆದುದು ಸುಮಾರು 45 ವರ್ಷಗಳು. ಅಷ್ಟರಲ್ಲಿ ಮೂರು ತಲೆಮಾರುಗಳು ಬರಬೇಕಾದರೆ ತಲೆಮಾರಿಗೆ 15 ವರ್ಷಗಳು ಮಾತ್ರ ಸಲ್ಲುವುವು. ಇದೇ ಮನೆತನದಲ್ಲಿ ಶಾಸನಗಳಿಂದ ದೃಢಪಟ್ಟ ಭಾಗವನ್ನು ತೆಗೆದುಕೊಂಡು ನೋಡಿದರೆ, 566ರ ಕೀರ್ತಿವರ್ಮನಿಂದ 746ರ ಇಮ್ಮಡಿ ಕೀರ್ತಿವರ್ಮನವರೆಗೆ 180 ವರ್ಷಗಳಲ್ಲಿ ಆರು ತಲೆಮಾರುಗಳು ಕಳೆದಿರುವುವು, ಎಂದರೆ ತಲೆಮಾರಿಗೆ ಸರಾಸರಿ 30 ವರ್ಷಗಳು. ಅದರ ಅರ್ಧಕ್ಕೆ ಇಳಿದ ಲೆಕ್ಕವೇ ಇಲ್ಲಿ ಏನೋ ತಪ್ಪಿದೆಯೆಂದು ಎಚ್ಚರಿಸುತ್ತದೆ. ವಿಕ್ರಮಾದಿತ್ಯನ ಸ್ವಂತ ತಾಮ್ರಪಟಗಳು ಆತನನ್ನು ಪುಲಕೇಶಿಯ ಪ್ರಿಯತನಯನೆಂದು ಕರೆದಿರುವುದು ಆ ಸಂದೇಹವನ್ನು ನಿರ್ಣಯವಾಗಿ ಮಾರ್ಪಡಿಸುತ್ತದೆ. ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಸಹೋದರನಾಗಿದ್ದ ಆದಿತ್ಯವರ್ಮನು ತಂದೆಯಾಗಿ ನೆನಪಿನಲ್ಲಿ ಉಳಿದನೆಂದು ತಿಳಿಯಬೇಕು. ಅದೇ ಕೌಠೇಮ್ ತಾಮ್ರಪಟವು ಮಂಗಳೇಶನ ವಿಷಯದಲ್ಲಿಯೂ, ಬಾಲಕನಾಗಿದ್ದ ಅಣ್ಣನ ಮಗನ ರಾಜ್ಯಭಾರವನ್ನು ಹೊತ್ತು ಬಳಿಕ ಆತನಿಗೆ ಒಪ್ಪಿಸಿದನೆಂದು ಧರ್ಮವನ್ನು ಕೊಂಡಾಡುತ್ತದೆ. ಘಟನೆಗೆ ಇಪ್ಪತ್ತೈದು ವರ್ಷಗಳೊಳಗೆ ಬರೆದ ಐಹೊಳೆಯ ಪ್ರಶಸ್ತಿಯಾದರೋ, ತನ್ನ ಮಗನಿಗೆ ರಾಜ್ಯವನ್ನು ದೊರಕಿಸುವ ಯತ್ನದಲ್ಲಿ ಮಂಗಳೇಶನು ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡನೆಂದು ಹೇಳುತ್ತದೆ.

ಕಾಲದ ಲೆಕ್ಕವು ಅಸಹಜವಾಗಿ ಕಂಡಮಾತ್ರಕ್ಕೆ ಸಂಬಂಧವನ್ನು ತಳ್ಳಿಹಾಕುವುದೂ ಸರಿಯಲ್ಲ. ಗುಜರಾತಿನ ಶಾಖೆಯಲ್ಲಿ ಜಯಸಿಂಹವರ್ಮನ ಮಗನಾದ ಶ್ರ್ಯಾಶ್ರಯ ಶೀಲಾದಿತ್ಯನ ನವಸಾರಿಯ ದಾನಪತ್ರವು 671ರದು. ಅರಬರ ಸೈನ್ಯವನ್ನು ಹಿಮ್ಮೆಟ್ಟಿಸಿದ ಅವನಿಜನಾಶ್ರಯ ಪುಲಕೇಶಿಯ ದಾನಪತ್ರವು, ಅದೇ ನವಸಾರಿಯದು, ಕಲಚುರಿ ಶಕ 490ರದು, ಎಂದರೆ 739ರದು. ಇವರಿಬ್ಬರೂ ಒಬ್ಬನೇ ತಂದೆಯ ಮಕ್ಕಳೆಂದರೆ ದಾನಪತ್ರಗಳ ನಡುವೆ 68 ವರ್ಷಗಳ ಅಂತರವಾಗುತ್ತದೆ. ಮೊಮ್ಮಗನನ್ನು ಮಗನೆಂದು ಎಲ್ಲಿಯೋ ತಪ್ಪಾಗಿ ಓದಿರಬಹುದೆಂದು ಶಂಕಿಸುವುದು ಸಹಜ. ಆದರೆ ಇಲ್ಲಿ ಸಂಬಂಧವನ್ನು ಹೇಳುತ್ತಿರುವುದು ಆತನದೇ ದಾನಪತ್ರ. ಅಣ್ಣನು ತರುಣನಾಗಿ ಯುವರಾಜಪದವಿಯಲ್ಲಿದ್ದಾಗ ದಾನಮಾಡಿ, ಬಹು ಕಿರಿಯನಾದ ತಮ್ಮನು ವೃದ್ಧಾಪ್ಯದಲ್ಲಿ ದಾನಮಾಡಿದ್ದರೆ ಈ ಅಂತರವು ಅಶಕ್ಯವೇನಲ್ಲ. ಆದುದರಿಂದ ಅವನಿಜನಾಶ್ರಯನು ಪಟದಲ್ಲಿ ತನ್ನ ದೊಡ್ಡಪ್ಪನ ಮಗನಾದ ವಿನಯಾದಿತ್ಯನ ಸಾಲಿನಲ್ಲಿಯೇ ನಿಲ್ಲಬೇಕು, ಆತನು ಯುದ್ಧಮಾಡಿದುದು ವಿನಯಾದಿತ್ಯನ ಮೊಮ್ಮಗನ ಆಳ್ವಿಕೆಯಲ್ಲಾದರೂ. ಪಟದ ಅಡ್ಡಸಾಲುಗಳು ತಲೆಮಾರುಗಳನ್ನು ತೋರಿಸುತ್ತವೆ, ಸಮಕಾಲೀನತೆಯನ್ನಲ್ಲ. ಇಲ್ಲಿ ಹೆಸರಿನ ಕೆಳಗಣ 739 ಎಂಬ ಅಂಕವೇ ಎರಡನ್ನೂ ಬೇರ್ಪಡಿಸುವ ಸಾಧನ.

ಒಂದನೆಯ ವಿಕ್ರಮಾದಿತ್ಯನಿಂದ ಮುಂದಣ ಮಾರ್ಗವು ಋಜುವಾದುದು. ಆತನ ಮಗ ವಿನಯಾದಿತ್ಯನು 681ರಿಂದ 696ರವರೆಗೂ, ವಿನಯಾದಿತ್ಯನ ಮಗ ವಿಜಯಾದಿತ್ಯನು 696ರಿಂದ 733ರವರೆಗೂ, ವಿಜಯಾದಿತ್ಯನ ಮಗ ಇಮ್ಮಡಿ ವಿಕ್ರಮಾದಿತ್ಯನು ಅಲ್ಲಿಂದ ಸುಮಾರು 746ರವರೆಗೂ ಆಳಿದರು; ತಂದೆಯಿಂದ ಮಗನಿಗೆ ನೇರವಾಗಿ ರಾಜ್ಯವು ಸಂದ ಈ ಭಾಗದಲ್ಲಿ ಗೆರೆಯೂ ಕ್ರಮಾಂಕವೂ ಒಂದೇ ದಾರಿಯಲ್ಲಿ ಇಳಿಯುತ್ತವೆ. ಆದರೆ ಈ ಭಾಗದ ಐಶ್ವರ್ಯವಿರುವುದು ಸಾಮಾನ್ಯವಾಗಿ ಪಟಗಳಲ್ಲಿ ಬರೆಯದೆ ಬಿಡುವ ಸ್ತ್ರೀಯರ ಹೆಸರುಗಳಲ್ಲಿ. ಬಾದಾಮಿಯ ಶಕ 621ರ ಶಾಸನವು ವಿಜಯಾದಿತ್ಯನ ತಾಯಿ ವಿನಯವತಿಯು ಬ್ರಹ್ಮ ವಿಷ್ಣು ಮಹೇಶ್ವರರನ್ನು ಪ್ರತಿಷ್ಠಿಸಿದುದನ್ನು ಹೇಳುತ್ತದೆ. ಅದು ಮಗನ ಆಳ್ವಿಕೆಯ ಮೂರನೆಯ ವರ್ಷವಾದುದರಿಂದ 696–97 ಎಂಬ ಆರಂಭಕಾಲಕ್ಕೂ ಅದೇ ಆಧಾರ. ವಿಜಯಾದಿತ್ಯನ ಸೋದರಿ ಕುಂಕುಮದೇವಿಯು ಪುಲಿಗೆರೆಯಲ್ಲಿ, ಈಗಿನ ಲಕ್ಷ್ಮೇಶ್ವರದಲ್ಲಿ, ಜಿನಾಲಯವನ್ನು ಕಟ್ಟಿಸಿದವಳು. ಆಳುಪ ರಾಜನಾದ ಚಿತ್ರವಾಹನನಿಗೆ ಆಕೆಯನ್ನು ಕೊಟ್ಟಿದ್ದುದು ಶಿಗ್ಗಾಂವಿಯ ತಾಮ್ರಪಟದಿಂದ ತಿಳಿದುಬರುವುದರಿಂದ ಆಕೆಯ ಹೆಸರೊಂದನ್ನು ಬರೆದರೆ ಪಟವು ತುಳುನಾಡಿನ ಮನೆತನದೊಡನೆಯೂ ಸಂಬಂಧವನ್ನು ಪಡೆಯುತ್ತದೆ. ಮಹಾಕೂಟದಲ್ಲಿ ಕನ್ನಡದಲ್ಲಿ ಬರೆದ ಮತ್ತೊಂದು ಶಾಸನವು ವಿಜಯಾದಿತ್ಯನ ಪ್ರಾಣವಲ್ಲಭೆಯಾದ ವಿನಾಪೋಟಿಯದು. ಆಕೆಯನ್ನು ರಾಣಿಯೆಂದು ಶಾಸನವು ಕರೆಯುವುದಿಲ್ಲ, ಆದಕಾರಣ ಜೋಡಿಗೆರೆಯು ಸಲ್ಲದು. ಆದರೆ ಆಕೆಯ ತಾಯಿ ಕುಚಿಪೋಟಿ, ಆ ತಾಯಿಯ ತಾಯಿ ರೇವಮಂಚಳ್ ಎಂದು ಮೂರು ತಲೆಮಾರುಗಳ ಸ್ತ್ರೀಪರಂಪರೆಯನ್ನು ಹೇಳುವ ಆ ಶಾಸನವು, ಅರಸರ ಎಷ್ಟೋ ಪತ್ನಿಯರ ಹೆಸರೇ ಸಿಗದಿರುವ ಕಾಲದಲ್ಲಿ, ಪಟದ ಅಂಚಿನಲ್ಲಿ ಒಂದು ಪ್ರತ್ಯೇಕವಾದ ಚಿಕ್ಕ ಶಾಖೆಯಾಗಿ ಬರೆದಿಡುವುದಕ್ಕೆ ಅರ್ಹವಾಗಿದೆ.

ಇಮ್ಮಡಿ ವಿಕ್ರಮಾದಿತ್ಯನ ಇಬ್ಬರು ರಾಣಿಯರು ಹೈಹಯ ಕುಲದ ಅಕ್ಕತಂಗಿಯರು. ಅಕ್ಕನಾದ ಲೋಕಮಹಾದೇವಿಯು, ಪತಿಯು ಕಾಂಚಿಯನ್ನು ಮೂರು ಬಾರಿ ಗೆದ್ದುದರ ಸ್ಮರಣೆಗಾಗಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಲೋಕೇಶ್ವರ ದೇವಾಲಯವೇ ಇಂದಿನ ವಿರೂಪಾಕ್ಷ. ತಂಗಿಯಾದ ತ್ರೈಲೋಕ್ಯಮಹಾದೇವಿಯು ಅದರ ಪಕ್ಕದಲ್ಲಿ ಕಟ್ಟಿಸಿದ ತ್ರೈಲೋಕೇಶ್ವರವೇ ಇಂದಿನ ಮಲ್ಲಿಕಾರ್ಜುನ. ಪಟ್ಟದರಾಣಿಯ ಕೀರ್ತಿಯು ದೊಡ್ಡದಾಗಿರುವುದರಿಂದ ಮುಂದಣ ಅರಸನು ಆಕೆಯ ಮಗನೆಂದು ಊಹಿಸಿ ಬರೆಯುವುದು ಸುಲಭವಾದ ತಪ್ಪು. ಪಟ್ಟದಕಲ್ಲಿನ ಕಂಬದ ಶಾಸನವು ಇಮ್ಮಡಿ ಕೀರ್ತಿವರ್ಮನನ್ನು ತಂಗಿಯಾದ ತ್ರೈಲೋಕ್ಯಮಹಾದೇವಿಯ ಮಗನೆಂದು ಹೇಳುತ್ತದೆ. ವಿಕ್ರಮಾದಿತ್ಯನ ಎರಡು ಪಾರ್ಶ್ವಗಳಲ್ಲಿಯೂ ಒಂದೊಂದು ಜೋಡಿಗೆರೆಯನ್ನೆಳೆದು, ಕೀರ್ತಿವರ್ಮನ ಗೆರೆಯನ್ನು ಎರಡನೆಯ ಜೋಡಿಯ ನಡುವಿನಿಂದ ಇಳಿಸಬೇಕು.

ಕೀರ್ತಿವರ್ಮನ ವಕ್ಕಲೇರಿಯ ತಾಮ್ರಪಟವು ಶಕ 679ರದು, ಆಳ್ವಿಕೆಯ ಹನ್ನೊಂದನೆಯ ವರ್ಷದ್ದು; ಎಂದರೆ 757ರಲ್ಲಿ ಆತನು ಭೀಮಾ ನದಿಯ ದಡದಲ್ಲಿ ಬೀಡುಬಿಟ್ಟು ಅರಸನಾಗಿಯೇ ದಾನಮಾಡಿದ್ದಾನೆ. ಆದರೆ ರಾಷ್ಟ್ರಕೂಟ ದಂತಿದುರ್ಗನ ಸಾಮಾನಗಡದ ತಾಮ್ರಪಟವು ಶಕ 675ರಲ್ಲಿಯೇ ಚಾಲುಕ್ಯವಲ್ಲಭನನ್ನು ಗೆದ್ದುದಾಗಿ ಹೇಳುತ್ತದೆ. 753ನ್ನು ಚಾಲುಕ್ಯರ ಅಂತ್ಯವೆಂದು ಬರೆದ ಪುಸ್ತಕಗಳೂ 757ನ್ನು ಬರೆದ ಪುಸ್ತಕಗಳೂ ಹೀಗೆ ಒಂದೊಂದು ಶಾಸನವನ್ನು ಅವಲಂಬಿಸಿವೆ. ಸೋಲು ಒಂದು ವರ್ಷದಲ್ಲಾಗಿ, ರಾಜ್ಯವು ಕೈಬಿಟ್ಟುಹೋದುದು ಕೆಲವು ವರ್ಷಗಳಲ್ಲಿ ಎಂದು ತಿಳಿದರೆ ಎರಡು ಅಂಕಗಳೂ ಪರಸ್ಪರ ವಿರೋಧಿಸುವುದಿಲ್ಲ. ಕೀರ್ತಿವರ್ಮನ ಹೆಸರಿನ ಕೆಳಗೆ 746–757 ಎಂದು ಬರೆದು, 753ರ ಯುದ್ಧವನ್ನು ಪಕ್ಕದಲ್ಲಿ ಸೂಚಿಸಬಹುದು.

ಜಯಸಿಂಹನಿಂದ ಇಮ್ಮಡಿ ಕೀರ್ತಿವರ್ಮನವರೆಗೆ ಹತ್ತು ಅಡ್ಡಸಾಲುಗಳೂ ಒಂಬತ್ತು ಕ್ರಮಾಂಕಗಳೂ ಆಗುವ ಈ ಪಟವನ್ನು 973ರಲ್ಲಿ ರಾಜ್ಯವನ್ನು ಮತ್ತೆ ಸ್ಥಾಪಿಸಿದ ಇಮ್ಮಡಿ ತೈಲಪನೊಡನೆ, ಎಂದರೆ ಕಲ್ಯಾಣದ ಚಾಲುಕ್ಯರೊಡನೆ, ಜೋಡಿಸುವ ಆಸೆಯು ಸಹಜವಾದುದೇ. ಕೌಠೇಮ್ ತಾಮ್ರಪಟವು ಅದಕ್ಕೆ ದಾರಿಯನ್ನೂ ತೋರಿಸುತ್ತದೆ: ಇಮ್ಮಡಿ ವಿಕ್ರಮಾದಿತ್ಯನಿಗೆ ಭೀಮನೆಂಬ ತಮ್ಮನಿದ್ದನೆಂದೂ, ಆತನ ಮಗ ಕೀರ್ತಿವರ್ಮ, ಆತನ ಮಗ ತೈಲ, ಬಳಿಕ ವಿಕ್ರಮಾದಿತ್ಯ, ಭೀಮ, ಅಯ್ಯಣ, ವಿಕ್ರಮಾದಿತ್ಯ, ಕೊನೆಗೆ ತೈಲಪನೆಂದೂ ಅದರ ಹೇಳಿಕೆ. 733ರಿಂದ 973ರವರೆಗಿನ 240 ವರ್ಷಗಳನ್ನು ಏಳು ತಲೆಮಾರುಗಳಿಗೆ ಹಂಚಿದರೆ ಒಂದಕ್ಕೆ 34 ವರ್ಷಗಳಾಗುವುವು; ಸ್ವಲ್ಪ ದೀರ್ಘವಾದರೂ ಅಸಂಭಾವ್ಯವಲ್ಲ. ಆದರೆ ಬಾದಾಮಿಯ ಕಾಲದ ಯಾವ ಶಾಸನವೂ ಈ ಭೀಮನನ್ನು ಹೆಸರಿಸುವುದಿಲ್ಲ, ಮತ್ತು ಇದನ್ನು ಹೇಳುತ್ತಿರುವ ತಾಮ್ರಪಟವು ನೆಡಮರಿಯ ವಿಷಯದಲ್ಲಿ ಎಡವಿದ ತಾಮ್ರಪಟವೇ. ಆರ್. ಜಿ. ಭಂಡಾರ್ಕರರು ಈ ಸಂಬಂಧವನ್ನು ಒಪ್ಪದೆ ಕಲ್ಯಾಣದವರದು ಬೇರೊಂದು ಚಾಲುಕ್ಯ ಶಾಖೆಯೆಂದು ವಾದಿಸಿದರು. ಆದಕಾರಣ ಭೀಮನಿಂದ ತೈಲಪನವರೆಗಿನ ಎಂಟು ಹೆಸರುಗಳನ್ನು ಹಾಳೆಯ ಕೆಳಭಾಗದಲ್ಲಿ ಬೇರೆಯಾಗಿ ಬರೆದು, ವಿಜಯಾದಿತ್ಯನಿಂದ ಭೀಮನಿಗೆ ಚುಕ್ಕೆಗೆರೆಯನ್ನು ಮಾತ್ರ ಎಳೆದು, ಅದರ ಮೇಲೆ “1009ರ ತಾಮ್ರಪಟದಂತೆ” ಎಂದು ಆಧಾರವನ್ನು ಬರೆಯತಕ್ಕದ್ದು.